ಕೀಲಿಕೈ ಕೊಡುವ ಮುನ್ನ: ಹದಿಹರೆಯದ ಮಿದುಳು ಮತ್ತು ಸಾಹಸದ ಸೆಳೆತ

ಕಬ್ಬಿನ ಹಂಗಾಮಿನ ಒಂದು ಭಾನುವಾರ ರಾತ್ರಿ ನಾನು ಕರ್ತವ್ಯದಲ್ಲಿದ್ದ ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಮೂವರು ಹುಡುಗರನ್ನು ಕರೆತಂದರು. ಮೂವರೂ ಪಿಯುಸಿ ಮೊದಲ ವರ್ಷದವರು, ಹದಿನಾರು ವಯಸ್ಸಿನವರು. ಬೈಕು ನಡೆಸುತ್ತಿದ್ದವನ ತೊಡೆಯ ಎಲುಬು ಮುರಿದಿತ್ತು. ನಡುವೆ ಕುಳಿತಿದ್ದವನಿಗೆ ತರಚು ಗಾಯಗಳಷ್ಟೇ ಆಗಿದ್ದವು. ಕಡೆಯಲ್ಲಿ ಕುಳಿತಿದ್ದವನ ತಲೆಗೆ ಪೆಟ್ಟಾಗಿತ್ತು. ಅವನಿಗೆ ಮಾತು ಸರಿಯಾಗಿ ಮರಳಲು ಮೂರು ತಿಂಗಳು ಹಿಡಿಯಿತು. ಮೂವರಲ್ಲಿ ಒಬ್ಬನ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ.

ಬೈಕು ನಡೆಸಿದ ಹುಡುಗನ ತಂದೆ ನನ್ನ ಮುಂದೆ ನಿಂತು ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. "ಸಾಹೇಬ್ರ, ನನ್ನ ಮಗ ದಡ್ಡ ಅಲ್ರಿ. ಸಾಲ್ಯಾಗ ಶಾಣ್ಯಾ ಅದಾನ. ಸಾವಕಾಶ ಹೋಗು ಅಂತ ನೂರು ಸಲ ಹೇಳೀನಿ. ಎಲ್ಲಾ ಗೊತ್ತಿದ್ದೂ ಹಿಂಗ್ಯಾಕ ಮಾಡಿದಾ?"

ಮರುದಿನ ಹುಡುಗನನ್ನೇ ಕೇಳಿದೆ. ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವುದು ಅಪಾಯವೆಂದು ನಿನಗೆ ತಿಳಿದಿರಲಿಲ್ಲವೇ? ಅವನು ತುಸು ಹೊತ್ತು ಸುಮ್ಮನಿದ್ದು ಹೇಳಿದ: "ಗೊತ್ತಿತ್ರೀ ಸರ. ಆದ್ರ ಆ ಹೊತ್ತಿಗೆ ಅದು ತಲಿಗೆ ಬರ್ಲಿಲ್ಲ. ಹಿಂದಿನವ್ರು ನಗಾಕತ್ತಿದ್ರು, ಹೊಡದ್ಬಿಟ್ಟೆ."

ತಂದೆಯ ಪ್ರಶ್ನೆಗೆ ಮಗನ ಈ ಉತ್ತರದಲ್ಲಿಯೇ ಸಮಾಧಾನವಿದೆ. ಹುಡುಗ ಸುಳ್ಳು ಹೇಳಲಿಲ್ಲ, ನೆವವನ್ನೂ ಹೂಡಲಿಲ್ಲ. ಹದಿಹರೆಯದ ಮಿದುಳಿನ ಬಗ್ಗೆ ಕಳೆದ ಮೂವತ್ತು ವರ್ಷಗಳಲ್ಲಿ ವಿಜ್ಞಾನ ಕಂಡುಕೊಂಡ ಮುಖ್ಯ ಸಂಗತಿಯನ್ನು ಅವನು ತನಗರಿಯದೆಯೇ ನುಡಿದಿದ್ದ. ಈ ವಯಸ್ಸಿನವರಲ್ಲಿ ಕೊರತೆಯಿರುವುದು ತಿಳಿವಳಿಕೆಯದಲ್ಲ. ತಿಳಿದದ್ದು ಬೇಕಾದ ಗಳಿಗೆಯಲ್ಲಿ ಕೈಗೆ ಸಿಗುವುದಿಲ್ಲ. ಆದ್ದರಿಂದ ತಿಳಿಹೇಳುವುದೊಂದೇ ನಮ್ಮ ಉಪಾಯವಾಗಿದ್ದರೆ ನಾವು ಮಕ್ಕಳನ್ನು ಕಾಪಾಡಲಾರೆವು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಒಂದೇ ಮಿದುಳು, ಎರಡು ವೇಗ

ನಮ್ಮ ಮಿದುಳಿನ ಎಲ್ಲ ಭಾಗಗಳೂ ಏಕಕಾಲಕ್ಕೆ ಬಲಿಯುವುದಿಲ್ಲ. ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವ ಹೊತ್ತಿಗೆ ಮಿದುಳಿನ ಆಳದಲ್ಲಿರುವ ಒಂದು ಭಾಗ ಬಹಳ ಚುರುಕಾಗುತ್ತದೆ. ವೈದ್ಯರು ಅದನ್ನು ಸ್ಟ್ರೈಯೇಟಮ್ ಎನ್ನುತ್ತಾರೆ. ನಾವು ಪ್ರತಿಫಲ ಕೇಂದ್ರ ಎಂದು ಕರೆಯೋಣ. ಹಿತವಾದುದು ದೊರೆತಾಗ, ಅದಕ್ಕಿಂತ ಹೆಚ್ಚಾಗಿ ದೊರೆಯಲಿದೆ ಎಂಬ ನಿರೀಕ್ಷೆ ಮೂಡಿದಾಗ, ಡೋಪಮೈನ್ ಎಂಬ ರಾಸಾಯನಿಕದ ನೆರವಿನಿಂದ ಈ ಕೇಂದ್ರ ಎಚ್ಚೆತ್ತುಕೊಳ್ಳುತ್ತದೆ. ಸಿಹಿ ತಿನಿಸು, ಗೆಲುವು, ಹೊಸ ಅನುಭವ, ಓರಗೆಯವರ ಮೆಚ್ಚುಗೆ ಇವೆಲ್ಲವೂ ಅದಕ್ಕೆ ಪ್ರತಿಫಲಗಳೇ. ಅದೇ ಪ್ರತಿಫಲಕ್ಕೆ ಬಾಲಕರಿಗಿಂತಲೂ ಪ್ರೌಢರಿಗಿಂತಲೂ ಹದಿಹರೆಯದವರಲ್ಲಿ ಈ ಕೇಂದ್ರ ಹೆಚ್ಚು ತೀವ್ರವಾಗಿ ಸ್ಪಂದಿಸುವುದನ್ನು ಅನೇಕ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಇನ್ನೊಂದು ಭಾಗವು ಹಣೆಯ ಹಿಂದೆ ಇರುವ ಪ್ರೀಫ್ರಂಟಲ್ ಕಾರ್ಟೆಕ್ಸ್. ಉಕ್ಕಿ ಬಂದ ಬಯಕೆಯನ್ನು ಒಂದು ಗಳಿಗೆ ತಡೆಯುವುದು, ಇಂದಿನ ಹಿತವನ್ನು ನಾಳಿನ ಕೇಡಿನೊಡನೆ ತೂಗಿ ನೋಡುವುದು, ಹಿಡಿದ ನಿರ್ಧಾರಕ್ಕೆ ಅಂಟಿಕೊಳ್ಳುವುದು ಬಹುಮಟ್ಟಿಗೆ ಇದರ ಕೆಲಸ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಮತ್ತು ಅವರ ಸಹೋದ್ಯೋಗಿಗಳು ಅದೇ ಮಕ್ಕಳ ಮಿದುಳನ್ನು ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಎಂಆರ್‌ಐ ಯಂತ್ರದಿಂದ ನೋಡುತ್ತ ಬಂದರು. 1999ರಿಂದ ಪ್ರಕಟವಾದ ಅವರ ಅಧ್ಯಯನಗಳು ತೋರಿಸಿಕೊಟ್ಟದ್ದೇನೆಂದರೆ, ಮಿದುಳು ಬಾಲ್ಯದಲ್ಲಿಯೇ ಬೆಳೆದು ಮುಗಿಯುವುದಿಲ್ಲ. ಹದಿಹರೆಯದ ಉದ್ದಕ್ಕೂ ಅದರ ರಚನೆ ಬದಲಾಗುತ್ತಲೇ ಇರುತ್ತದೆ. ಈ ಬಲಿಯುವಿಕೆ ಹಿಂಭಾಗದಿಂದ ಮುಂಭಾಗದತ್ತ ಸಾಗುತ್ತದೆ, ಹಣೆಯ ಹಿಂದಿನ ಭಾಗದ ಸರದಿ ಕಡೆಗೆ ಬರುತ್ತದೆ.

ಬಲಿಯುವುದೆಂದರೆ ಗಾತ್ರದಲ್ಲಿ ದೊಡ್ಡದಾಗುವುದಲ್ಲ. ಅಲ್ಲಿ ಎರಡು ಕೆಲಸಗಳು ನಡೆಯುತ್ತವೆ. ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮಾಡುವುದನ್ನು ನೀವು ಬಲ್ಲಿರಿ. ಬೇಡದ ಕುಡಿಗಳನ್ನು ಕತ್ತರಿಸಿದರೆ ಉಳಿದವು ಬಲವಾಗುತ್ತವೆ. ಹಾಗೆಯೇ ನರಕೋಶಗಳ ನಡುವೆ ಹೆಚ್ಚಾಗಿ ಬೆಳೆದಿದ್ದ ಸಂಪರ್ಕಗಳಲ್ಲಿ ಬಳಕೆಯಿಲ್ಲದವು ಕಳಚಿಕೊಂಡು, ಬಳಕೆಯಲ್ಲಿರುವವು ಗಟ್ಟಿಗೊಳ್ಳುತ್ತವೆ. ಜೊತೆಗೆ, ಉಳಿದ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಏರುತ್ತದೆ. ಅದರಿಂದ ಸಂದೇಶಗಳು ಬಹಳ ವೇಗವಾಗಿ ಹರಿಯುತ್ತವೆ. ಹಣೆಯ ಹಿಂದಿನ ಭಾಗಕ್ಕೂ ಆಳದ ಪ್ರತಿಫಲ ಕೇಂದ್ರಕ್ಕೂ ನಡುವಣ ಹಾದಿ ಹೀಗೆ ಹಸನಾಗಲು ಇಪ್ಪತ್ತರ ನಂತರದ ಕೆಲವು ವರ್ಷಗಳೂ ಬೇಕಾಗುತ್ತವೆ.

ಒಕ್ಕಲುತನ ಮಾಡುವವರಿಗೆ ಇದು ಹೊಸ ಮಾತಲ್ಲ. ಹೋರಿಗೆ ಕಸುವು ಮೊದಲು ಬರುತ್ತದೆ, ನೊಗಕ್ಕೆ ಪಳಗುವುದು ಆಮೇಲೆ. ನಡುವಣ ಆ ಒಂದೆರಡು ವರ್ಷ ಅದನ್ನು ಯಾರೂ ಒಂಟಿಯಾಗಿ ಬಂಡಿಗೆ ಕಟ್ಟಿ ದಾರಿಗೆ ಬಿಡುವುದಿಲ್ಲ. ಪಳಗಿದ ಎತ್ತಿನ ಜೊತೆಗೇ ಹೂಡುತ್ತಾರೆ.

ಗೆಳೆಯರು ನೋಡುತ್ತಿದ್ದಾಗ

ಸಂಯಮದ ಭಾಗ ಇನ್ನೂ ಬಲಿತಿಲ್ಲವೆಂದ ಮಾತ್ರಕ್ಕೆ ಹದಿನಾರರ ಹುಡುಗ ಸದಾ ವಿವೇಕಹೀನನಾಗಿ ವರ್ತಿಸುತ್ತಾನೆಯೇ? ಇಲ್ಲ. ಏಕಾಂತದಲ್ಲಿ, ಆತುರವಿಲ್ಲದೆ, ಸಮಾಧಾನದಿಂದ ಯೋಚಿಸಲು ಬಿಟ್ಟರೆ ಆ ವಯಸ್ಸಿನವರ ತರ್ಕಶಕ್ತಿ ಹೆಚ್ಚುಕಡಿಮೆ ದೊಡ್ಡವರಷ್ಟೇ ಇರುತ್ತದೆ. ಅಪಾಯದ ಪ್ರಮಾಣವನ್ನು ಅವರು ದೊಡ್ಡವರಷ್ಟೇ ಸರಿಯಾಗಿ ಹೇಳಬಲ್ಲರು. ಸನ್ನಿವೇಶ ಕಾವೇರಿದಾಗ ಚಿತ್ರ ಬದಲಾಗುತ್ತದೆ. ಆ ಕಾವನ್ನು ಏರಿಸುವುದರಲ್ಲಿ ಓರಗೆಯವರ ಉಪಸ್ಥಿತಿಗೆ ಸಮನಾದುದು ಬಹಳ ಕಡಿಮೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಇದನ್ನು ಸರಳವಾದ ಆಟವೊಂದರಿಂದ ಪರೀಕ್ಷಿಸಿದರು. ಕಂಪ್ಯೂಟರ್ ತೆರೆಯ ಮೇಲೆ ಕಾರೊಂದು ಓಡುತ್ತದೆ. ಮುಂದೆ ಹಳದಿ ದೀಪ ಹೊತ್ತುತ್ತದೆ. ಯಾವ ಗಳಿಗೆಯಲ್ಲಾದರೂ ಅದು ಕೆಂಪಾಗಬಹುದು. ದೂರ ಸಾಗಿದಷ್ಟೂ ಅಂಕ ಹೆಚ್ಚು. ಕೆಂಪು ಹೊತ್ತಿದಾಗ ಕಾರು ಇನ್ನೂ ಓಡುತ್ತಿದ್ದರೆ ಎದುರಿಗೆ ಗೋಡೆ ಎದ್ದು ಡಿಕ್ಕಿಯಾಗುತ್ತದೆ, ಗಳಿಸಿದ್ದು ಹೋಗುತ್ತದೆ. ಎಲ್ಲಿ ನಿಲ್ಲಿಸುವಿರಿ ಎಂಬುದೇ ಪ್ರಶ್ನೆ.

ಒಟ್ಟು 306 ಜನರು ಇದನ್ನು ಆಡಿದರು: 13ರಿಂದ 16 ವಯಸ್ಸಿನವರು, 18ರಿಂದ 22ರವರು, 24 ದಾಟಿದವರು. ಕೆಲವರನ್ನು ಒಬ್ಬೊಬ್ಬರಾಗಿ ಆಡಿಸಿದರು, ಉಳಿದವರನ್ನು ಅದೇ ವಯಸ್ಸಿನ ಇಬ್ಬರ ಸಮ್ಮುಖದಲ್ಲಿ ಆಡಿಸಿದರು. ಒಬ್ಬರೇ ಇದ್ದಾಗ ಮೂರು ಗುಂಪುಗಳೂ ಅಪಾಯಕ್ಕೆ ಕೈಹಾಕುವುದರಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಜೊತೆಗಾರರಿದ್ದಾಗ ಮಾತ್ರ ಎಳೆಯರು ಸುಮಾರು ಎರಡು ಪಟ್ಟು ಅಪಾಯಕ್ಕೆ ಕೈಹಾಕಿದರು. ನಡುವಣ ಗುಂಪಿನವರಲ್ಲಿ ಅದು ಅರ್ಧದಷ್ಟು ಏರಿತು. 24 ದಾಟಿದವರಲ್ಲಿ ಏರಲೇ ಇಲ್ಲ.

ಮಿದುಳಿನೊಳಗೆ ಆಗ ಏನಾಗುತ್ತದೆ ಎಂಬುದನ್ನು ಅದೇ ವಿಶ್ವವಿದ್ಯಾಲಯದ ಜೇಸನ್ ಚೈನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಎಂಆರ್‌ಐ ಯಂತ್ರದೊಳಗೆ ಮಲಗಿದವರು ಅಂಥದೇ ವಾಹನದ ಆಟವಾಡುತ್ತಿದ್ದರು. ಗೆಳೆಯರು ಬೇರೊಂದು ಕೋಣೆಯಲ್ಲಿ ಕುಳಿತು ತೆರೆಯ ಮೇಲೆ ಆಟವನ್ನು ನೋಡುತ್ತಿದ್ದರು. ನೋಡುತ್ತಿದ್ದಾರೆಂಬ ಅರಿವು ಮೂಡಿದೊಡನೆ ಹದಿಹರೆಯದವರ ಪ್ರತಿಫಲ ಕೇಂದ್ರ ಹೆಚ್ಚು ಚುರುಕಾಯಿತು. ಹಳದಿ ದೀಪಕ್ಕೆ ನಿಲ್ಲದೆ ನುಗ್ಗಿದ್ದೂ ಹೆಚ್ಚಾಯಿತು. ಪ್ರೌಢರಲ್ಲಿ ಈ ಬದಲಾವಣೆ ಕಾಣಲಿಲ್ಲ. ಯಾರು ನೋಡಲಿ ಬಿಡಲಿ, ಅವರ ಹಣೆಯ ಹಿಂದಿನ ಭಾಗ ಎಳೆಯರದಕ್ಕಿಂತ ಹೆಚ್ಚಾಗಿ ದುಡಿಯುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೆಳೆಯರು ಬಂದೊಡನೆ ಅಪಾಯದ ಅರಿವು ಅಳಿಸಿಹೋಗುವುದಿಲ್ಲ. ಅಪಾಯ ತೂಗುತ್ತಿದ್ದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಪ್ರತಿಫಲದ ಭಾರ ಥಟ್ಟನೆ ಹೆಚ್ಚುತ್ತದೆ. ಮೊದಲ ತಟ್ಟೆಯಲ್ಲಿ ನಾವು ಇನ್ನಷ್ಟು ಉಪದೇಶ ಸುರಿದರೂ ಆ ಗಳಿಗೆಯಲ್ಲಿ ತಕ್ಕಡಿ ಅತ್ತಲೇ ವಾಲುತ್ತದೆ.

ಆ ಸಂಜೆ ನಡೆದದ್ದು

ಈಗ ನಮ್ಮ ಹುಡುಗನ ಭಾನುವಾರಕ್ಕೆ ಮರಳೋಣ. ಜೋಳ ಬೀಸಿಸಿಕೊಂಡು ಬಾ ಎಂದು ತಂದೆಯೇ ಕೀಲಿಕೈ ಕೊಟ್ಟಿದ್ದರು. ಆರು ತಿಂಗಳಿಂದ ಅವನು ಗಿರಣಿಗೆ, ಹೊಲಕ್ಕೆ ಒಬ್ಬನೇ ಹೋಗಿಬರುತ್ತಿದ್ದ. ಒಮ್ಮೆಯೂ ಬಿದ್ದಿರಲಿಲ್ಲ. ಅಷ್ಟರಿಂದಲೇ "ಹುಡುಗ ಹದವಾಗಿ ನಡೆಸುತ್ತಾನೆ" ಎಂಬ ನಂಬಿಕೆ ಮನೆಯವರಿಗೆ ಬಂದಿತ್ತು. ಆ ನಂಬಿಕೆ ಸುಳ್ಳಾಗಿರಲಿಲ್ಲ, ಆದರೆ ಅರ್ಧ ಮಾತ್ರ ನಿಜವಾಗಿತ್ತು. ಅವರು ಕಂಡದ್ದು ಒಂಟಿಯಾಗಿ ಸಾಗುವ ಹುಡುಗನನ್ನು. ಗೆಳೆಯರಿಬ್ಬರು ಹಿಂದೆ ಕುಳಿತಾಗ ಅದೇ ಹುಡುಗ ಹೇಗೆ ನಡೆಸುತ್ತಾನೆಂಬುದನ್ನು ಅವರು ಕಂಡೇ ಇರಲಿಲ್ಲ.

ಗಿರಣಿಯ ಬಳಿ ತರಗತಿಯ ಇಬ್ಬರು ಸಿಕ್ಕರು. ಹಿಟ್ಟು ಬೀಸಲು ಇನ್ನೂ ಅರ್ಧ ಗಂಟೆಯಿತ್ತು. ಒಂದು ಸುತ್ತು ಹೋಗಿಬರೋಣವೆಂದು ಮೂವರೂ ಹತ್ತಿದರು. ಕತ್ತಲಾಗುತ್ತಿತ್ತು. ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರೇಲರು ನಿಧಾನವಾಗಿ ಸಾಗುತ್ತಿತ್ತು. ಅದರ ಹಿಂದೆಯೇ ಹೋಗಿದ್ದರೆ ನಷ್ಟವಾಗುತ್ತಿದ್ದುದು ಒಂದು ನಿಮಿಷ. ಆದರೆ ಹಿಂದಿನವನು ನಕ್ಕು ಏನೋ ಅಂದ. ಆ ನಗೆಯೇ ಅಲ್ಲಿಯ ಪ್ರತಿಫಲ. ಅದು ಆಗಲೇ ಸಿಗುವಂಥದ್ದು, ನಿಶ್ಚಿತವಾದುದು. ಎದುರಿನಿಂದ ವಾಹನ ಬಂದೀತೆಂಬುದು ಕೇವಲ ಸಂಭವ. ತಿರುವಿನಲ್ಲಿ ಬಲಕ್ಕೆ ತಿರುಗಿಸಿದ. ಎದುರಿನ ಬೆಳಕು ಕಂಡಾಗ ಮೂವರ ಭಾರ ಹೊತ್ತ ಬೈಕನ್ನು ನಿಲ್ಲಿಸಲಾಗಲಿಲ್ಲ.

ಈ ಸರಣಿಯಲ್ಲಿ ಎಲ್ಲಿ ತಡೆಯಬಹುದಾಗಿತ್ತು? ತಿರುವಿನಲ್ಲಿ ಅಲ್ಲ, ಅಲ್ಲಿ ಹುಡುಗನ ಸಂಯಮದ ಮೇಲೆಯೇ ಎಲ್ಲ ಭಾರ ಬಿದ್ದಿತ್ತು, ಆ ಸಂಯಮವಿನ್ನೂ ಬಲಿಯುತ್ತಿತ್ತು. ತಡೆಯಬಹುದಾಗಿದ್ದದ್ದು ಮನೆಯ ಬಾಗಿಲಲ್ಲಿ, ಕೀಲಿಕೈ ಕೈಬದಲಾದ ಗಳಿಗೆಯಲ್ಲಿ. ಅಲ್ಲಿ ನಿರ್ಧರಿಸಬೇಕಾಗಿದ್ದವರು ದೊಡ್ಡವರು.

ಎರಡು ಆಕ್ಷೇಪಗಳು

"ಇದೆಲ್ಲ ಅಮೆರಿಕದ ಮಕ್ಕಳ ಮಾತು, ಸಂಸ್ಕಾರವುಳ್ಳ ನಮ್ಮ ಮನೆಗಳಲ್ಲಿ ಹೀಗಿರುವುದಿಲ್ಲ" ಎಂದು ಹಿರಿಯರು ಹೇಳುವುದುಂಟು. ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಭಾರತ, ಚೀನಾ, ಕೆನ್ಯಾ, ಜೋರ್ಡಾನ್, ಸ್ವೀಡನ್ ಮೊದಲಾದ 11 ದೇಶಗಳಲ್ಲಿ 10ರಿಂದ 30 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಮಾಂಚನವನ್ನು ಅರಸುವ ಸ್ವಭಾವ ಹತ್ತರಿಂದ ಏರುತ್ತ ಹೋಗಿ ಸುಮಾರು 19ರಲ್ಲಿ ಶಿಖರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಸಂಯಮವಾದರೋ ನಿಧಾನವಾಗಿ ಏರುತ್ತ ಇಪ್ಪತ್ತರ ದಶಕದ ನಡುವಿನಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಟ್ಟಾರೆ ಚಿತ್ರ ಬಹುತೇಕ ದೇಶಗಳಲ್ಲಿ ಇದೇ ಬಗೆಯದು. ಆದರೆ ಈ ಸ್ವಭಾವ ನಿಜವಾದ ಅವಘಡವಾಗಿ ಪರಿಣಮಿಸುವುದೋ ಇಲ್ಲವೋ ಎಂಬುದು ಮಕ್ಕಳಿಗೆ ನಾವು ಕೊಡುವ ಅವಕಾಶದ ಮೇಲೆ ನಿಂತಿದೆ. ಬೈಕೇ ಸಿಗದ ಊರಿನ ಹುಡುಗ ಬೈಕಿನಿಂದ ಬೀಳಲಾರ. ಸಂಸ್ಕಾರದ ಮಹತ್ವವಿರುವುದು ಇಲ್ಲಿ: ಅದು ಮಿದುಳಿನ ವೇಗವನ್ನು ಬದಲಿಸದು, ಸನ್ನಿವೇಶವನ್ನು ಬದಲಿಸಬಲ್ಲದು.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ: "ಮಿದುಳೇ ಹಾಗಿದ್ದರೆ ಮಕ್ಕಳ ತಪ್ಪೇನು?" ಈ ವಿಜ್ಞಾನಕ್ಕೆ ಅಷ್ಟು ದೂರ ಹೋಗುವ ಅಧಿಕಾರವಿಲ್ಲ. ಮೇಲೆ ಹೇಳಿದ್ದೆಲ್ಲ ಗುಂಪುಗಳ ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ಅಜಗಜಾಂತರವಿರಬಹುದು. ಹದಿಹರೆಯದ ಬಹುಪಾಲು ಮಕ್ಕಳು ಯಾವ ದೊಡ್ಡ ಅವಘಡಕ್ಕೂ ಸಿಲುಕದೆ ದಾಟುತ್ತಾರೆ. ಇಪ್ಪತ್ತೈದು ತುಂಬಿದ ದಿನ ಮಿದುಳು ಪೂರ್ಣವಾಗುತ್ತದೆಂಬುದೂ ಸರಿಯಲ್ಲ. ಅಂಥ ಗೆರೆಯೊಂದು ಇಲ್ಲ. ಅಲ್ಲದೆ ಸಂಯಮ ಬಲಿಯುವುದು ಬಳಸಿದಷ್ಟೂ. ತಪ್ಪಿಗೆ ತಕ್ಕ ಹೊಣೆಯನ್ನು ಮಕ್ಕಳು ಹೊರಲೇಬೇಕು. ಹೊರುವ ಹೊಣೆ ಅವರ ಬಲಕ್ಕೆ ತಕ್ಕುದಾಗಿರಲಿ ಎಂಬುದಷ್ಟೇ ನನ್ನ ಮಾತು.

ಮನೆಯಲ್ಲಿ ಮಾಡಬೇಕಾದದ್ದು

ಮೊದಲನೆಯದು ಕೀಲಿಕೈ. ನಮ್ಮ ಕಾನೂನಿನ ಪ್ರಕಾರ 18 ತುಂಬದವರು ಬೈಕು ನಡೆಸುವಂತಿಲ್ಲ. 16 ತುಂಬಿದವರಿಗೆ 50 ಸಿಸಿ ಮೀರದ ಇಂಜಿನ್ನಿನ ವಾಹನಕ್ಕೆ ಮಾತ್ರ ಪರವಾನಗಿ ದೊರೆಯುತ್ತದೆ; ಇಂದು ಮನೆಮನೆಯಲ್ಲಿರುವ ನೂರು, ನೂರಿಪ್ಪತ್ತೈದು ಸಿಸಿಯ ಸ್ಕೂಟರುಗಳು ಇದಕ್ಕೆ ಒಳಪಡುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 199-ಎ ಕಲಮಿನಂತೆ ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ವಾಹನದ ಒಡೆಯರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಹೊಣೆಯನ್ನು ದೊಡ್ಡವರ ಮೇಲೆ ಹೊರಿಸಿದ ಈ ಕಲಮು ಮಿದುಳಿನ ವಿಜ್ಞಾನಕ್ಕೆ ಹತ್ತಿರವಾಗಿದೆ ಎಂದೇ ನಾನು ಭಾವಿಸುತ್ತೇನೆ.

ಹದಿನೆಂಟು ತುಂಬಿ ಪರವಾನಗಿ ಬಂದ ಮೇಲೂ ಒಂದು ನೇಮವಿರಲಿ: ಮೊದಲ ವರ್ಷ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನ್ಯೂಜಿಲೆಂಡ್ ದೇಶ 1987ರಿಂದಲೇ ಪರವಾನಗಿಯನ್ನು ಹಂತಹಂತವಾಗಿ ಕೊಡುತ್ತ ಬಂದಿದೆ. ನಡುವಣ ಹಂತದಲ್ಲಿ ರಾತ್ರಿ ಸಂಚಾರಕ್ಕೂ ಜೊತೆಗಾರರನ್ನು ಕೂರಿಸಿಕೊಳ್ಳುವುದಕ್ಕೂ ಅಲ್ಲಿ ಮಿತಿಯಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಮನೆಯ ನೇಮವಾಗಿ ಅದನ್ನು ತರಲು ಯಾರ ಅಪ್ಪಣೆಯೂ ಬೇಕಿಲ್ಲ.

ಎರಡನೆಯದು, ಮಾತಾಡುವ ಹೊತ್ತು. ಅವಘಡವಾದ ಮೇಲೆ ಗದರುವುದಕ್ಕಿಂತ, ಮನಸ್ಸು ತಣ್ಣಗಿರುವಾಗ, ಇಬ್ಬರೇ ಇರುವಾಗ, ಬರಲಿರುವ ಗಳಿಗೆಗೆ ಉತ್ತರವನ್ನು ಸಿದ್ಧಮಾಡಿಕೊಡಿ. "ಗೆಳೆಯರು ಹತ್ತುತ್ತೇವೆಂದರೆ ಏನನ್ನುವೆ?" ಎಂದು ಮಗನನ್ನೇ ಕೇಳಿ. ಓರಗೆಯವರ ಮುಂದೆ ಅಂಜುಬುರುಕನೆನಿಸಿಕೊಳ್ಳುವುದು ಅವನಿಗೆ ದೊಡ್ಡ ನಷ್ಟ. ಆದ್ದರಿಂದ ಅವನ ಮರ್ಯಾದೆ ಉಳಿಸುವ ನೆವವನ್ನು ನೀವೇ ಕೊಡಿ. "ನಮ್ಮಪ್ಪಗ ಗೊತ್ತಾದ್ರ ಗಾಡಿ ಮಾರಿಬಿಡ್ತಾನ" ಎಂದು ಅವನು ನಿಮ್ಮನ್ನು ಕೆಟ್ಟವರನ್ನಾಗಿ ಮಾಡಿ ಪಾರಾಗಲಿ. ಅದರಿಂದ ನಿಮಗೇನೂ ಕುಂದಿಲ್ಲ. ತಪ್ಪಿದರೆ ಶಿಕ್ಷೆ ಸಣ್ಣದಿರಲಿ, ಕೂಡಲೇ ಇರಲಿ. ಒಂದು ವಾರ ಗಾಡಿ ಮುಟ್ಟುವಂತಿಲ್ಲ ಎಂಬುದು ಮುಂದೆ ಬಾಳು ಹಾಳಾದೀತೆಂಬ ದೂರದ ಬೆದರಿಕೆಗಿಂತ ಈ ವಯಸ್ಸಿನವರಿಗೆ ಹೆಚ್ಚು ನಾಟುತ್ತದೆ.

ಮೂರನೆಯದು, ಪಳಗಿದ ಎತ್ತು. ಅದೇ ಟೆಂಪಲ್ ವಿಶ್ವವಿದ್ಯಾಲಯದವರು 2016ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. 18ರಿಂದ 22ರ ಯುವಕರ ಗುಂಪಿನಲ್ಲಿ 25ರಿಂದ 30ರೊಳಗಿನ ಒಬ್ಬನನ್ನು ಸೇರಿಸಿದಾಗ ಗುಂಪಿನಿಂದ ಹೆಚ್ಚುತ್ತಿದ್ದ ಅಪಾಯದ ಒಲವು ತಗ್ಗಿತು. ತಂದೆಯೇ ಬೆನ್ನಿಗಿರಬೇಕಿಲ್ಲ, ತುಸು ದೊಡ್ಡವನಾದ ಅಣ್ಣನೋ ಸೋದರಮಾವನೋ ಸಾಕು. ಜಾತ್ರೆಗೆ, ಹೊಳೆಗೆ ಈಜಲು, ಪರವೂರಿನ ಮದುವೆಗೆ ಹುಡುಗರಷ್ಟೇ ಹೊರಟಾಗ ಅಂಥ ಒಬ್ಬನನ್ನು ಜೊತೆ ಮಾಡಿ. ನಮ್ಮ ಕೂಡುಕುಟುಂಬಗಳಲ್ಲಿ ಇದು ತಾನಾಗಿ ನಡೆಯುತ್ತಿತ್ತು. ಈಗ ನಾವು ನೆನಪಿಟ್ಟು ಮಾಡಬೇಕಾಗಿದೆ.

ಸಾಹಸದ ಸೆಳೆತವನ್ನೇ ಅಡಗಿಸಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿಫಲಕ್ಕೆ ಚುರುಕಾಗಿ ಸ್ಪಂದಿಸುವ ಅದೇ ಮಿದುಳು ಹೊಸದನ್ನು ಬೇಗ ಕಲಿಯುತ್ತದೆ, ಅಪರಿಚಿತ ಊರಿಗೆ ಓದಲು ಹೋಗುವ ಎದೆಗಾರಿಕೆ ತೋರುತ್ತದೆ. ಗುರುಗಳ ಕಣ್ಣಳತೆಯಲ್ಲಿ ಮಲ್ಲಕಂಬ ಏರುವ ಹುಡುಗ, ಅಂಕಣದಲ್ಲಿ ಕಬಡ್ಡಿ ಆಡುವ ಹುಡುಗಿ ಅದೇ ರೋಮಾಂಚನವನ್ನೂ ಅದೇ ಓರಗೆಯವರ ಚಪ್ಪಾಳೆಯನ್ನೂ ಪಡೆಯುತ್ತಾರೆ. ಅಲ್ಲಿ ಬಿದ್ದರೆ ಕೆಳಗೆ ಮಣ್ಣಿರುತ್ತದೆ, ಡಾಂಬರಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಗೆಳೆಯರೊಡನೆ ಇದ್ದಾಗಿನ ಹುಡುಗಾಟ ಬೇರೆ, ಕಾಯಿಲೆಯ ಲಕ್ಷಣ ಬೇರೆ. ಒಬ್ಬನೇ ಇದ್ದಾಗಲೂ ಮತ್ತೆ ಮತ್ತೆ ಅಪಾಯಕ್ಕೆ ಒಡ್ಡಿಕೊಳ್ಳುವುದು, ಹಲವು ದಿನ ನಿದ್ದೆಯಿಲ್ಲದೆಯೂ ದಣಿಯದಿರುವುದು, ಅಮಲು ಪದಾರ್ಥ, ತನಗೆ ತಾನೇ ಗಾಯಮಾಡಿಕೊಳ್ಳುವುದು, ಸಾಯುವ ಮಾತು ಇವು ಕಂಡರೆ ವಯಸ್ಸಿನ ಗುಣವೆಂದು ಸುಮ್ಮನಿರಬೇಡಿ. ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಎಲುಬು ಕೂಡಿಕೊಂಡ ಮೇಲೆ ಆ ಹುಡುಗ ತಂದೆಯೊಡನೆ ತಪಾಸಣೆಗೆ ಬಂದಿದ್ದ. ಬಸ್ಸಿನಲ್ಲಿ ಬಂದಿದ್ದರು. "ಗಾಡಿ ಎಲ್ಲಿ?" ಎಂದು ಕೇಳಿದೆ. "ಮನ್ಯಾಗ ಐತ್ರಿ. ಕೀಲಿ ಮಾತ್ರ ನನ್ನ ಕಿಸೆದಾಗ ಇರತೈತಿ. ಹದಿನೆಂಟು ತುಂಬ್ಲಿ" ಎಂದರು ತಂದೆ. ಹುಡುಗ ತಲೆ ತಗ್ಗಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.